ಇನ್ನೊಬ್ಬರು ಆಡಿದ ಮಾತಿಗೆ ಕೋರ್ಟಿನಲ್ಲಿ ಬೆಲೆ ಬರುವುದು ಯಾವಾಗ?

1993ರ ಮಾರ್ಚ್ ತಿಂಗಳು. ಹೈದರಾಬಾದಿನಿಂದ ಹೊರಟ ಬಸ್ಸೊಂದು ಆಂಧ್ರದ ಚಿಲಕಲೂರಿಪೇಟೆಯ ಕಡೆಗೆ ಹೋಗುತ್ತಿತ್ತು. ಪ್ರಯಾಣಿಕರನ್ನು ಹೆದರಿಸಿ ದೋಚುವ ಹಂಚಿಕೆ ಹಾಕಿದ್ದ ಇಬ್ಬರು ಯುವಕರು ಬಸ್ಸಿನೊಳಗೆ ಪೆಟ್ರೋಲ್ ಚೆಲ್ಲಿ ಬೆಂಕಿ ಹಚ್ಚಿದರು. 23 ಮಂದಿ ಸುಟ್ಟು ಸತ್ತರು. ಮೈಯೆಲ್ಲ ಬೆಂದ ಕೆಲವರು ಆಸ್ಪತ್ರೆ ಸೇರಿದರು. ಅವರು ಉಳಿಯುವ ಖಾತ್ರಿ ಇರಲಿಲ್ಲವಾದ್ದರಿಂದ ಮ್ಯಾಜಿಸ್ಟ್ರೇಟರು ಹಾಸಿಗೆಯ ಬಳಿಗೇ ಹೋಗಿ ಹೇಳಿಕೆ ಬರೆದುಕೊಂಡರು. ಕಾನೂನಿನಲ್ಲಿ ಇದಕ್ಕೆ ಮರಣಕಾಲಿಕ ಹೇಳಿಕೆ ಎಂದು ಹೆಸರು.

ಆದರೆ ಹೇಳಿಕೆ ಕೊಟ್ಟವರು ಬದುಕಿಕೊಂಡರು. ಅಲ್ಲಿಂದ ಸಮಸ್ಯೆ ಶುರುವಾಯಿತು. ಹೇಳಿದವರು ಬದುಕಿರುವಾಗ ಅದು ಮರಣಕಾಲಿಕ ಹೇಳಿಕೆ ಆಗುವುದಿಲ್ಲ. ಹಾಗಾದರೆ ಮ್ಯಾಜಿಸ್ಟ್ರೇಟರ ಕೈಬರಹದಲ್ಲಿದ್ದ ಆ ಹಾಳೆಗಳಿಗೆ ಕೋರ್ಟಿನಲ್ಲಿ ಏನು ಬೆಲೆ? ಪ್ರಾಸಿಕ್ಯೂಷನ್ ಇನ್ನೊಂದು ದಾರಿ ಹುಡುಕಿತು. ಬಸ್ಸಿಗೆ ಬೆಂಕಿ ಬಿದ್ದ ಘಟನೆಯಲ್ಲಿಯೇ ಆ ಮಾತುಗಳೂ ಸೇರಿವೆ, ಆದ್ದರಿಂದ ಅವನ್ನು ನೇರವಾಗಿ ಸಾಕ್ಷ್ಯವೆಂದು ತೆಗೆದುಕೊಳ್ಳಬೇಕು ಎಂದು ವಾದಿಸಿತು. ಪ್ರಕರಣ ಸುಪ್ರೀಂ ಕೋರ್ಟ್ ಮುಟ್ಟಿತು. 1996ರಲ್ಲಿ ನ್ಯಾಯಮೂರ್ತಿ ಕೆ.ಟಿ. ಥಾಮಸ್ ಅವರ ಪೀಠ ಆ ವಾದವನ್ನು ಒಪ್ಪಲಿಲ್ಲ. ಅದೇಕೆ ಎಂದು ತಿಳಿಯಬೇಕಾದರೆ, ಇನ್ನೊಬ್ಬರ ಬಾಯಿಂದ ಬಂದ ಮಾತಿನ ಬಗ್ಗೆ ಕಾನೂನಿಗಿರುವ ಹಳೆಯ ಅನುಮಾನವನ್ನು ಮೊದಲು ನೋಡಬೇಕು.

ಯಾವುದೇ ಸೆಷನ್ಸ್ ಕೋರ್ಟಿನಲ್ಲಿ ಒಂದು ದಿನ ಕೂತರೆ ಈ ಅನುಮಾನ ಕಣ್ಣಿಗೆ ಬೀಳುತ್ತದೆ. ಕಟಕಟೆಯಲ್ಲಿ ನಿಂತ ಸಾಕ್ಷಿ, “ಅವನೇ ಸಾರ್ ಹೊಡೆದಿದ್ದು” ಎಂದು ಗಟ್ಟಿಯಾಗಿ ಹೇಳುತ್ತಾನೆ. ಆರೋಪಿ ಪರ ವಕೀಲರು ಎದ್ದು ನಿಂತು ಒಂದೇ ಪ್ರಶ್ನೆ ಹಾಕುತ್ತಾರೆ: “ನೀವು ಕಣ್ಣಾರೆ ನೋಡಿದ್ರಾ?”

“ಇಲ್ಲ ಸಾರ್. ನಾನು ಹೋಗೋ ಹೊತ್ತಿಗೆ ಎಲ್ಲಾ ಮುಗಿದಿತ್ತು. ಹೋಟೆಲ್ ಹತ್ರ ಇದ್ದವರು ಹೇಳಿದ್ರು.”

ಅಷ್ಟಕ್ಕೆ ಆ ಸಾಕ್ಷಿಯ ಕತೆ ಬಹುಮಟ್ಟಿಗೆ ಮುಗಿಯಿತು. ಹೋಟೆಲ್ ಹತ್ತಿರ ಇದ್ದವರು ಯಾರೋ ಅವರನ್ನೇ ಕರೆಸಿ ಎಂದು ಕಾನೂನು ಕೇಳುತ್ತದೆ. 1872ರ ಭಾರತೀಯ ಸಾಕ್ಷ್ಯ ಕಾಯ್ದೆಯ ಕಲಂ 60 ಇದನ್ನೇ ಹೇಳಿತ್ತು. 2024ರ ಜುಲೈ 1ರಿಂದ ಆ ಕಾಯ್ದೆಯ ಜಾಗಕ್ಕೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 55 ಕೂಡ ಅದನ್ನೇ ಹೇಳುತ್ತದೆ. ನೋಡಬಹುದಾದ ಸಂಗತಿಯಾದರೆ ನೋಡಿದವನೇ ಬಂದು ಹೇಳಬೇಕು. ಕೇಳಬಹುದಾದ ಸಂಗತಿಯಾದರೆ ಕೇಳಿದವನೇ ಬರಬೇಕು. ಮೂಸಿದ್ದು, ಮುಟ್ಟಿದ್ದು, ರುಚಿ ನೋಡಿದ್ದಕ್ಕೂ ಇದೇ ನಿಯಮ.

ಸುಳ್ಳು ಹೇಳುತ್ತಾರೆಂಬುದೊಂದೇ ಈ ನಿಯಮಕ್ಕೆ ಕಾರಣವಲ್ಲ. ಕಟಕಟೆಯಲ್ಲಿ ನಿಂತವನು ನಿಜವನ್ನೇ ಹೇಳುತ್ತಿರಬಹುದು. ಅವನ ಕಿವಿಗೆ ಬಿದ್ದದ್ದು ಅಷ್ಟೇ. ಆದರೆ ಘಟನೆ ನೋಡಿದೆನೆಂದು ಅವನ ಮುಂದೆ ಹೇಳಿದ ವ್ಯಕ್ತಿ ಎಷ್ಟು ದೂರದಲ್ಲಿದ್ದ, ಆಗ ಬೆಳಕು ಎಷ್ಟಿತ್ತು, ಆರೋಪಿಯ ಮೇಲೆ ಅವನಿಗೆ ಹಳೆಯ ದ್ವೇಷವಿತ್ತೇ, ಗುರುತು ಹಿಡಿದದ್ದು ಮುಖ ನೋಡಿಯೋ ಅಂಗಿಯ ಬಣ್ಣ ನೋಡಿಯೋ? ಈ ಪ್ರಶ್ನೆಗಳನ್ನು ಕೇಳೋಣವೆಂದರೆ ಅವನು ಕೋರ್ಟಿನಲ್ಲಿಲ್ಲ. ಅವನು ಪ್ರಮಾಣ ಮಾಡಿಲ್ಲ, ಪಾಟೀಸವಾಲಿಗೆ ಸಿಗುವುದಿಲ್ಲ, ಉತ್ತರ ಕೊಡುವಾಗ ಅವನು ತಡವರಿಸುವುದನ್ನು ನ್ಯಾಯಾಧೀಶರು ನೋಡಲಾಗುವುದಿಲ್ಲ. ಎದುರಿಗೆ ಇರುವವನನ್ನು ಎಷ್ಟು ಜಾಲಾಡಿದರೂ “ನನಗೆ ಹಾಗೆ ಹೇಳಿದರು” ಎಂಬುದರಾಚೆ ಏನೂ ಹುಟ್ಟುವುದಿಲ್ಲ.

ಈ ಜರಡಿ ಇಲ್ಲದಿದ್ದಾಗ ಏನಾಗುತ್ತದೆ ಎನ್ನುವುದಕ್ಕೆ ಇಂಗ್ಲೆಂಡಿನ ಇತಿಹಾಸದಲ್ಲಿ ಒಂದು ಕುಖ್ಯಾತ ವಿಚಾರಣೆ ಇದೆ. 1603ರಲ್ಲಿ ಸರ್ ವಾಲ್ಟರ್ ರಾಲಿಯ ಮೇಲೆ ರಾಜದ್ರೋಹದ ಆರೋಪ ಹೊರಿಸಿದರು. ಮುಖ್ಯ ಸಾಕ್ಷ್ಯವೆಂದರೆ ಲಾರ್ಡ್ ಕೋಬ್ಹ್ಯಾಮ್ ಎಂಬಾತ ಸೆರೆಯಲ್ಲಿದ್ದುಕೊಂಡು ಕೊಟ್ಟ ಹೇಳಿಕೆ. ಕೋಬ್ಹ್ಯಾಮ್‌ನನ್ನು ನನ್ನ ಮುಂದೆ ತಂದು ನಿಲ್ಲಿಸಿ, ಅವನು ನನ್ನ ಮುಖ ನೋಡಿ ಹೇಳಲಿ ಎಂದು ರಾಲಿ ಮತ್ತೆ ಮತ್ತೆ ಕೇಳಿದ. ನ್ಯಾಯಾಧೀಶರು ಕರೆಸಲಿಲ್ಲ. ಸಾಲದ್ದಕ್ಕೆ ಹಡಗಿನ ಚಾಲಕನೊಬ್ಬ ಬಂದು, ರಾಲಿ ಮತ್ತು ಕೋಬ್ಹ್ಯಾಮ್ ಸೇರಿ ದೊರೆಯ ಕುತ್ತಿಗೆ ಕೊಯ್ಯಲಿದ್ದಾರೆ ಎಂದು ಲಿಸ್ಬನ್ನಿನಲ್ಲಿ ಯಾರೋ ಒಬ್ಬ ಹೇಳಿದ್ದನ್ನು ತಾನು ಕೇಳಿದೆ ಎಂದ. ಆ ‘ಯಾರೋ’ ಯಾರು ಎಂಬುದನ್ನು ಕೊನೆಗೂ ಯಾರೂ ತಿಳಿಸಲಿಲ್ಲ. ರಾಲಿಗೆ ಮರಣದಂಡನೆಯಾಯಿತು. 1618ರಲ್ಲಿ, ಅದೇ ಹಳೆಯ ಶಿಕ್ಷೆಯ ಬಲದ ಮೇಲೆ, ಅವನ ತಲೆ ಕಡಿದರು.

ಹಾಗೆಂದು ಇನ್ನೊಬ್ಬರು ಹೇಳಿದ್ದನ್ನು ಕೋರ್ಟಿನಲ್ಲಿ ಬಾಯಿ ಬಿಟ್ಟು ಹೇಳಲೇಬಾರದು ಎಂದಲ್ಲ. ಇಲ್ಲಿ ಅನುಭವಿ ವಕೀಲರೂ ಎಡವುತ್ತಾರೆ. ಆ ಮಾತನ್ನು ಯಾವ ಕೆಲಸಕ್ಕೆ ತರಲಾಗುತ್ತಿದೆ ಎನ್ನುವುದೇ ಮುಖ್ಯ. ಬ್ರಿಟಿಷರ ಕಾಲದ ಮಲಯಾದಲ್ಲಿ ಸುಬ್ರಮಣಿಯಂ ಎಂಬಾತ ಗುಂಡುಗಳ ಸಮೇತ ಸಿಕ್ಕಿಬಿದ್ದ. ತುರ್ತು ಪರಿಸ್ಥಿತಿಯ ನಿಯಮಗಳ ಪ್ರಕಾರ ಅದಕ್ಕೆ ಮರಣದಂಡನೆ. ಉಗ್ರರು ನನ್ನನ್ನು ಹಿಡಿದಿಟ್ಟುಕೊಂಡು ಹೆದರಿಸಿದರು, ಅವರ ಬೆದರಿಕೆಗೆ ಮಣಿದೆ ಎಂದು ಅವನು ಹೇಳಹೊರಟಾಗ ವಿಚಾರಣೆ ನಡೆಸುತ್ತಿದ್ದ ನ್ಯಾಯಾಧೀಶರು ತಡೆದರು. ಉಗ್ರರು ಏನು ಹೇಳಿದರು ಎಂಬುದು ಕೇಳಿಕೆಯ ಮಾತು, ಅದು ಇಲ್ಲಿ ಬೇಡ ಎಂದರು. 1956ರಲ್ಲಿ ಪ್ರೀವಿ ಕೌನ್ಸಿಲ್ ಇದು ತಪ್ಪು ಎಂದು ಹೇಳಿ ಶಿಕ್ಷೆ ರದ್ದು ಮಾಡಿತು. ಉಗ್ರರು ಆಡಿದ್ದು ಸತ್ಯವೋ ಸುಳ್ಳೋ ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ. ಅವರು ಹಾಗೆ ಹೇಳಿದರೇ, ಅದನ್ನು ಕೇಳಿ ಅವನ ಎದೆ ನಡುಗಿತೇ ಎಂಬುದಷ್ಟೇ ಪ್ರಶ್ನೆ. ಬೆದರಿಕೆಯನ್ನು ಕಿವಿಯಾರೆ ಕೇಳಿದವನು ಅವನೇ. ಆ ಮಟ್ಟಿಗೆ ಅವನು ಪ್ರತ್ಯಕ್ಷ ಸಾಕ್ಷಿ.

ಆಡಿದ ಮಾತು ನಿಜ ಎಂದು ಸಾಧಿಸಲು, ಆಡಿದವನನ್ನು ಬಿಟ್ಟು ಕೇಳಿದವನನ್ನು ಕರೆತಂದಾಗ ಮಾತ್ರ ನಿಯಮ ಅಡ್ಡ ಬರುತ್ತದೆ. ಅಡ್ಡ ಬಂದಾಗಲೂ ಪಕ್ಕಕ್ಕೆ ಸರಿದು ಹೋಗಲು ಕೆಲವು ದಾರಿಗಳಿವೆ. ಅವುಗಳಲ್ಲಿ ಹೆಚ್ಚು ಜಗಳ ಹುಟ್ಟಿಸಿರುವುದು ಹಳೆಯ ಕಾಯ್ದೆಯ ಕಲಂ 6. ಹೊಸ ಅಧಿನಿಯಮದಲ್ಲಿ ಅದರ ಸಂಖ್ಯೆ 4. ವಕೀಲರ ಬಾಯಲ್ಲಿ ಅದು ‘ರೆಸ್ ಜೆಸ್ಟೇ’. ಕಾಯ್ದೆಯನ್ನು ರಚಿಸಿದ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ ಮಾತ್ರ ಆ ಲ್ಯಾಟಿನ್ ಪದವನ್ನು ಕಲಂನ ಒಳಗೆ ಬಿಟ್ಟುಕೊಳ್ಳಲಿಲ್ಲ. ವಿವಾದದ ಸಂಗತಿಯ ಜೊತೆ ಒಂದೇ ವ್ಯವಹಾರವೆನ್ನುವಷ್ಟು ಹೆಣೆದುಕೊಂಡ ಸಂಗತಿಗಳೆಲ್ಲ ಪ್ರಸ್ತುತ, ಅವು ಅದೇ ಹೊತ್ತಿಗೆ ಅದೇ ಜಾಗದಲ್ಲಿ ನಡೆದಿರಲಿ, ಬೇರೆ ಹೊತ್ತಿನಲ್ಲಿ ಬೇರೆಡೆ ನಡೆದಿರಲಿ ಎಂದಷ್ಟೇ ಬರೆದರು. ಕಲಂನ ಕೆಳಗೆ ಒಂದು ಉದಾಹರಣೆಯನ್ನೂ ಸೇರಿಸಿದರು. ಒಬ್ಬನನ್ನು ಹೊಡೆದು ಕೊಂದ ಪ್ರಕರಣದಲ್ಲಿ, ಹೊಡೆತದ ಹೊತ್ತಿಗೆ ಅಥವಾ ಅದಕ್ಕೆ ತೀರಾ ಹಿಂದೆ ಮುಂದೆ ಹೊಡೆದವನು, ಹೊಡೆಸಿಕೊಂಡವನು, ಸುತ್ತ ನಿಂತವರು ಆಡಿದ ಮಾತು, ಮಾಡಿದ ಕೆಲಸ ಎಲ್ಲವೂ ಸಾಕ್ಷ್ಯಕ್ಕೆ ಬರುತ್ತವೆ.

ಇದರ ಹಿಂದಿರುವ ನಂಬಿಕೆ ಸರಳ. ಕತ್ತಿ ಬೀಸಿದಾಗ ಬಾಯಿಂದ ಹೊರಡುವ ಕೂಗನ್ನು ಯಾರೂ ಯೋಚಿಸಿ ತಯಾರು ಮಾಡಿಕೊಳ್ಳುವುದಿಲ್ಲ. ಕೂಗಿದವರು ಕೋರ್ಟಿಗೆ ಬರದಿದ್ದರೂ ಆ ಕೂಗಿನ ಮೇಲೆ ನಂಬಿಕೆ ಇಡಬಹುದು. ಕಷ್ಟವಿರುವುದು ‘ತೀರಾ ಹಿಂದೆ ಮುಂದೆ’ ಎಂಬಲ್ಲಿ. ಒಂದು ನಿಮಿಷವೇ, ಐದು ನಿಮಿಷವೇ, ಅರ್ಧ ಗಂಟೆಯೇ?

1879ರ ಬೆಡಿಂಗ್‌ಫೀಲ್ಡ್ ಪ್ರಕರಣದಲ್ಲಿ ಇಂಗ್ಲೆಂಡಿನ ಮುಖ್ಯ ನ್ಯಾಯಮೂರ್ತಿ ಕಾಕ್‌ಬರ್ನ್ ಇದಕ್ಕೆ ಕೊಟ್ಟ ಉತ್ತರ ಅತ್ಯಂತ ಬಿಗಿಯಾದದ್ದು. ಕತ್ತು ಕೊಯ್ಯಲ್ಪಟ್ಟ ಹೆಂಗಸೊಬ್ಬಳು ಕೋಣೆಯಿಂದ ಹೊರಗೆ ಓಡಿಬಂದು, ಇದನ್ನು ಮಾಡಿದವನು ಇಂಥವನು ಎಂದು ಉದ್ಗರಿಸಿ, ಸ್ವಲ್ಪ ಹೊತ್ತಿನಲ್ಲೇ ಪ್ರಾಣ ಬಿಟ್ಟಳು. ಕೊಯ್ಯುವ ಕೆಲಸ ಒಳಗೆ ಮುಗಿದಿತ್ತು, ಮಾತು ಬಂದದ್ದು ಆಮೇಲೆ, ಆದ್ದರಿಂದ ಅದು ಘಟನೆಯೊಳಗಿನದಲ್ಲ ಎಂದು ಕಾಕ್‌ಬರ್ನ್ ಅದನ್ನು ಹೊರಗಿಟ್ಟರು. ತಾನು ಸಾಯುತ್ತೇನೆಂಬ ಅರಿವು ಅವಳಿಗಿತ್ತೆಂದು ತೋರಿಸಲಾಗಿಲ್ಲ ಎಂಬ ಕಾರಣಕ್ಕೆ ಮರಣಕಾಲಿಕ ಹೇಳಿಕೆ ಎಂದೂ ಒಪ್ಪಲಿಲ್ಲ. ಆರೋಪಿಗೆ ಬೇರೆ ಸಾಕ್ಷ್ಯಗಳ ಮೇಲೆ ಶಿಕ್ಷೆಯಾಯಿತೆನ್ನಿ. ಆದರೂ ಕಾನೂನು ಪಂಡಿತರು ಈ ತೀರ್ಪನ್ನು ಹತ್ತಾರು ವರ್ಷ ಬೈದಿದ್ದಾರೆ, ಬೈದದ್ದು ಸರಿಯಾಗಿಯೇ ಇದೆ. ರಕ್ತ ಸುರಿಯುತ್ತಿರುವ ಹೆಂಗಸು ಬಾಗಿಲು ದಾಟುವಷ್ಟರಲ್ಲಿ ಸುಳ್ಳು ಹೆಣೆದಳೆಂದು ಯಾರು ನಂಬಿಯಾರು?

ಇದಕ್ಕೆ ಹೊಸ ಅಳತೆ ಸಿಕ್ಕಿದ್ದು 1971ರಲ್ಲಿ, ಆಸ್ಟ್ರೇಲಿಯಾದ ಇಚುಕಾ ಎಂಬ ಊರಿನ ಒಂದು ಫೋನ್ ಕರೆಯಿಂದ. ರ‍್ಯಾಟನ್ ಎಂಬಾತನ ಹೆಂಡತಿ ಅಡುಗೆಮನೆಯಲ್ಲಿ ಬಂದೂಕಿನ ಗುಂಡಿಗೆ ಸತ್ತಿದ್ದಳು. ಬಂದೂಕು ಒರೆಸುತ್ತಿದ್ದಾಗ ಆಕಸ್ಮಿಕವಾಗಿ ಗುಂಡು ಹಾರಿತು ಎಂಬುದು ಅವನ ಹೇಳಿಕೆ. ಗಡಿಯಾರದ ಲೆಕ್ಕ ಹೀಗಿತ್ತು. ಮಧ್ಯಾಹ್ನ 1 ಗಂಟೆ 9 ನಿಮಿಷಕ್ಕೆ ಅವನ ತಂದೆ ದೂರದ ಊರಿನಿಂದ ಫೋನ್ ಮಾಡಿದ್ದರು. ಆ ಮೂರು ನಿಮಿಷದ ಮಾತಿನ ಹೊತ್ತಿಗೆ ಮನೆಯಲ್ಲಿ ಎಲ್ಲ ಸರಿಯಾಗಿಯೇ ಇತ್ತು, ಸೊಸೆಯ ದನಿಯೂ ಹಿನ್ನೆಲೆಯಲ್ಲಿ ಕೇಳಿಸಿತ್ತು. 1.15ರ ಸುಮಾರಿಗೆ ಅದೇ ಮನೆಯಿಂದ ಊರಿನ ಟೆಲಿಫೋನ್ ಎಕ್ಸ್‌ಚೇಂಜಿಗೆ ಕರೆ ಬಂತು. ಹೆಂಗಸೊಬ್ಬಳು ಬಿಕ್ಕಳಿಸುತ್ತ ಪೊಲೀಸರಿಗೆ ಕೊಡಿ ಎಂದು ಕೇಳಿದಳು, ವಿಳಾಸ ಹೇಳಿದಳು, ಸಂಪರ್ಕ ಕೊಡುವ ಮೊದಲೇ ಫೋನ್ ಕಡಿಯಿತು. ಎಕ್ಸ್‌ಚೇಂಜಿನವರು ತಿಳಿಸಿದ ಮೇಲೆ 1.20ರ ಹೊತ್ತಿಗೆ ಪೊಲೀಸರು ಆ ಮನೆಗೆ ಫೋನ್ ಮಾಡಿದಾಗ ಅವಳು ಸತ್ತಿದ್ದಳು.

ಹೆಂಡತಿ ಯಾವ ಫೋನನ್ನೂ ಮಾಡಲಿಲ್ಲ ಎಂದು ರ‍್ಯಾಟನ್ ಹೇಳಿದ. ಹಾಗಾದರೆ ಎಕ್ಸ್‌ಚೇಂಜಿನ ಹುಡುಗಿ ಬಂದು ತಾನು ಕೇಳಿದ್ದನ್ನು ಹೇಳಬಹುದೇ? ಹೇಳಬಹುದು ಎಂದಿತು ಪ್ರೀವಿ ಕೌನ್ಸಿಲ್. ಆ ಹೊತ್ತಿನಲ್ಲಿ ಆ ಮನೆಯಿಂದ ಗಾಬರಿಗೊಂಡ ಹೆಂಗಸೊಬ್ಬಳು ಪೊಲೀಸರನ್ನು ಕೇಳಿದಳು ಎಂಬುದೇ ಒಂದು ಸಂಗತಿ. ಅದನ್ನು ಸಾಧಿಸುವ ಮಟ್ಟಿಗೆ ಅದು ಕೇಳಿಕೆಯ ಮಾತೇ ಅಲ್ಲ. ಅವಳ ಮಾತಿನಲ್ಲಿ ಗಂಡ ಹಲ್ಲೆ ಮಾಡುತ್ತಿದ್ದಾನೆ ಎಂಬ ಅರ್ಥ ಅಡಗಿದೆ ಎಂದೇ ಇಟ್ಟುಕೊಂಡರೂ, ಘಟನೆಯ ಒತ್ತಡ ಅವಳ ಬಾಯಿಂದ ಅದನ್ನು ಹೊರಡಿಸಿದೆ, ಆದ್ದರಿಂದ ಅದು ಗ್ರಾಹ್ಯ. ತೀರ್ಪು ಬರೆದ ಲಾರ್ಡ್ ವಿಲ್ಬರ್‌ಫೋರ್ಸ್, ಮಾತು ಘಟನೆಯ ಒಳಗಿತ್ತೋ ಹೊರಗಿತ್ತೋ ಎಂದು ಕೂದಲು ಸೀಳುವುದನ್ನು ಕೈಬಿಟ್ಟು, ಕಟ್ಟಿ ಹೇಳುವುದಕ್ಕೆ ಅಥವಾ ತಿರುಚುವುದಕ್ಕೆ ಅವಕಾಶವಿತ್ತೇ ಎಂದು ಕೇಳಬೇಕೆಂದರು. ಕಾಕ್‌ಬರ್ನ್ ಹೊರಗಿಟ್ಟ ಮಾತಿನಂಥದ್ದು ಇವತ್ತು ಬಂದಿದ್ದರೆ ಈ ಅಳತೆಯಲ್ಲಿ ಸಲೀಸಾಗಿ ಒಳಗೆ ಬರುತ್ತಿತ್ತು.

ಇದೇ ಅಳತೆಯಲ್ಲಿ ಹೊರಗೆ ಉಳಿಯುವ ಮಾತು ಎಂಥದು ಎಂದು ನೋಡಬೇಕೆಂದರೆ 1952ರ ಟೆಪರ್ ಪ್ರಕರಣವಿದೆ. ಬ್ರಿಟಿಷ್ ಗಯಾನಾದಲ್ಲಿ ತನ್ನ ಅಂಗಡಿಗೆ ತಾನೇ ಬೆಂಕಿ ಇಟ್ಟನೆಂಬುದು ಅವನ ಮೇಲಿನ ಆರೋಪ. ಕಾರಿನಲ್ಲಿ ಹೋಗುತ್ತಿದ್ದ ಒಬ್ಬನ ಕಡೆ ನೋಡಿ ಹೆಂಗಸೊಬ್ಬಳು, ನಿನ್ನ ಅಂಗಡಿ ಉರಿಯುತ್ತಿದ್ದರೆ ನೀನು ಇತ್ತ ಹೋಗುತ್ತಿದ್ದೀಯಲ್ಲ ಎಂಬರ್ಥದಲ್ಲಿ ಕೂಗಿದ್ದನ್ನು ಕೇಳಿದೆ, ಕಾರಿನಲ್ಲಿದ್ದವನು ಟೆಪರ್‌ನನ್ನು ಹೋಲುತ್ತಿದ್ದ ಎಂದು ಪೊಲೀಸ್ ಪೇದೆ ಸಾಕ್ಷ್ಯ ಹೇಳಿದ. ಆ ಹೆಂಗಸು ಯಾರೆಂದು ಪತ್ತೆಯಾಗಲಿಲ್ಲ. ಕೂಗು ಕೇಳಿಸಿದ್ದು ಬೆಂಕಿ ಹತ್ತಿ 26 ನಿಮಿಷವಾದ ಮೇಲೆ, ಅಂಗಡಿಯಿಂದ 200 ಮೀಟರಿಗೂ ಆಚೆ. ಬೆಂಕಿ ಇನ್ನೂ ಉರಿಯುತ್ತಿತ್ತು ನಿಜ, ಆದರೆ ಅಪರಾಧವೆಂದರೆ ಬೆಂಕಿ ಇಡುವ ಕೆಲಸ. ಅದಕ್ಕೂ ಈ ಕೂಗಿಗೂ ನಂಟಿರಲಿಲ್ಲ. ಪ್ರೀವಿ ಕೌನ್ಸಿಲ್ ಶಿಕ್ಷೆ ರದ್ದು ಮಾಡಿತು. ಕೂಗಿದವಳು ಗುರುತು ತಪ್ಪಿರಬಹುದಲ್ಲ, ಅದನ್ನು ಅವಳನ್ನೇ ಕೇಳದೆ ತಿಳಿಯುವುದು ಹೇಗೆ?

ನಮ್ಮ ಸುಪ್ರೀಂ ಕೋರ್ಟ್ ಈ ಎರಡು ದಂಡೆಗಳ ನಡುವೆಯೇ ನಡೆದುಕೊಂಡು ಬಂದಿದೆ. ಹಿಮಾಚಲ ಪ್ರದೇಶದ ರತ್ತನ್ ಸಿಂಗ್ ಪ್ರಕರಣದಲ್ಲಿ, ರಾತ್ರಿ ಅಂಗಳದಲ್ಲಿದ್ದ ಹೆಂಗಸು ಇಂಥವನು ಬಂದೂಕು ಹಿಡಿದು ನಿಂತಿದ್ದಾನೆ ಎಂದು ಕೂಗಿದಳು. ಅದರ ಬೆನ್ನಿಗೇ ಗುಂಡು ಹಾರಿತು. ಕೂಗು ಮನೆಯವರ ಕಿವಿಗೆ ಬಿದ್ದಿತ್ತು. ಮಾತು ಮೊದಲು, ಗುಂಡು ಆಮೇಲೆ. ನಡುವೆ ಕ್ಷಣದ ಅಂತರ. 1997ರಲ್ಲಿ ಕೋರ್ಟ್ ಇದನ್ನು ಮರಣಕಾಲಿಕ ಹೇಳಿಕೆಯೆಂದೂ ಒಪ್ಪಿತು, ಒಂದೇ ವ್ಯವಹಾರದ ಭಾಗವೆಂದೂ ಒಪ್ಪಿತು.

ಉತ್ತರ ಪ್ರದೇಶದ ಸುಖರ್ ಪ್ರಕರಣ ಇನ್ನೂ ಸ್ವಾರಸ್ಯದ್ದು. ಹೊಲದ ದಾರಿಯಲ್ಲಿ ಗುಂಡೇಟು ತಿಂದವನು ಕೂಗಿಕೊಂಡ. ಸದ್ದು ಕೇಳಿ ಓಡಿಬಂದವನಿಗೆ, ಸುಖರ್ ಗುಂಡು ಹಾರಿಸಿದ ಎಂದು ಹೇಳಿದ. ಗಾಯಾಳು ಆಗ ಬದುಕಿದ. ಆದರೆ ವಿಚಾರಣೆಯಲ್ಲಿ ಸಾಕ್ಷ್ಯ ಹೇಳುವ ಮೊದಲೇ ತೀರಿಕೊಂಡ. ಆ ಗುಂಡೇಟಿನಿಂದಲೇ ಸತ್ತನೆಂದು ಪ್ರಾಸಿಕ್ಯೂಷನ್ ಹೇಳಲಿಲ್ಲ. ಆರೋಪವಿದ್ದದ್ದು ಕೊಲೆ ಯತ್ನದ್ದು. ಹೀಗಾಗಿ ಅವನು ಪೊಲೀಸರಿಗೆ ಕೊಟ್ಟ ದೂರು ಮರಣಕಾಲಿಕ ಹೇಳಿಕೆಯಾಗಿ ನಿಲ್ಲಲಿಲ್ಲ. ಉಳಿದದ್ದು ಓಡಿಬಂದವನ ಕಿವಿಗೆ ಬಿದ್ದ ಆ ಒಂದು ಮಾತು. 1999ರಲ್ಲಿ ಸುಪ್ರೀಂ ಕೋರ್ಟ್ ಕಲಂ 6ರ ಅಡಿಯಲ್ಲಿ ಅದನ್ನು ಒಪ್ಪಿಕೊಂಡಿತು. ಗಾಯಾಳು ಅದೇ ಸಂಗತಿಯನ್ನು ಎರಡು ಸಲ ಹೇಳಿದ್ದ. ಠಾಣೆಯಲ್ಲಿ ವಿಧಿವತ್ತಾಗಿ ಬರೆಸಿದ್ದು ಕೆಲಸಕ್ಕೆ ಬರಲಿಲ್ಲ. ದಾರಿಯಲ್ಲಿ ನರಳುತ್ತ ಹೇಳಿದ್ದು ಬಂತು.

ಮಾತು ಎಷ್ಟು ಹೊತ್ತಿಗೆ ಬಂತು ಎಂಬುದಕ್ಕೆ ಪುರಾವೆ ಇಲ್ಲದೆ ಹೋದರೆ? ವಾಸ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಹಾಗೆ ಆಯಿತು. ಹೆಂಡತಿ ಮತ್ತು ಮಗಳ ಕೊಲೆಯ ಆರೋಪ ಹೊತ್ತವನ ತಂದೆಯೇ ಫೋನ್ ಮಾಡಿ, ಮಗ ಕೊಂದನೆಂದು ತಿಳಿಸಿದರು ಎಂದು ಸಾಕ್ಷಿ ಹೇಳಿದ. ಮೇಲ್ನೋಟಕ್ಕೆ ಇದಕ್ಕಿಂತ ಗಟ್ಟಿ ಮಾತು ಬೇಕಿಲ್ಲ. ಆದರೆ ಆ ಫೋನ್ ಬಂದದ್ದು ಕೊಲೆಯ ಹೊತ್ತಿಗೋ, ತಕ್ಷಣವೋ, ಎಷ್ಟೋ ಹೊತ್ತಿನ ಮೇಲೋ ಎಂಬುದು ಸಾಕ್ಷ್ಯದಲ್ಲಿ ನೆಲೆಗೊಳ್ಳಲಿಲ್ಲ. 2000ದಲ್ಲಿ ಸುಪ್ರೀಂ ಕೋರ್ಟ್ ಆ ಮಾತನ್ನು ಕೇಳಿಕೆಯ ಸಾಕ್ಷ್ಯವೆಂದು ಬದಿಗಿಟ್ಟಿತು.

ಈಗ ಸುಟ್ಟ ಬಸ್ಸಿನ ಪ್ರಕರಣ ಬಿಡಿಸಿಕೊಳ್ಳುತ್ತದೆ. ಬೆಂಕಿ ಬಿದ್ದದ್ದು ರಸ್ತೆಯಲ್ಲಿ. ಹೇಳಿಕೆ ಬರೆದದ್ದು ಆಸ್ಪತ್ರೆಯಲ್ಲಿ. ನಡುವೆ ಗಾಯಾಳುಗಳನ್ನು ಹೊರಗೆ ತೆಗೆದರು, ಸಾಗಿಸಿದರು, ಆಸ್ಪತ್ರೆಗೆ ಸೇರಿಸಿದರು, ಮ್ಯಾಜಿಸ್ಟ್ರೇಟರಿಗೆ ಹೇಳಿ ಕಳುಹಿಸಿದರು, ಅವರು ಬಂದು ಪ್ರಶ್ನೆ ಕೇಳಿದರು. ಈ ಅಂತರ ಸಣ್ಣದೇ ಇರಲಿ, ಮಾತನ್ನು ಕಟ್ಟಿಕೊಳ್ಳಲು ಸಾಕಾಗುವಷ್ಟಿದ್ದರೆ ಅದು ಒಂದೇ ವ್ಯವಹಾರದ ಭಾಗವಲ್ಲ ಎಂದಿತು ಸುಪ್ರೀಂ ಕೋರ್ಟ್. ಬೆಂದ ಮೈಯಲ್ಲಿ ಮಲಗಿದ್ದವರು ಸುಳ್ಳು ಕಟ್ಟಿದರೆಂದು ಇದರ ಅರ್ಥವಲ್ಲ. ಕಟ್ಟುವುದಕ್ಕೆ ಅವಕಾಶವಿತ್ತು ಎಂಬಷ್ಟೇ ಆ ಬಾಗಿಲು ಮುಚ್ಚಲು ಸಾಕು.

ಸತ್ತಿದ್ದರೆ ನಡೆಯುತ್ತಿದ್ದ ಹೇಳಿಕೆ ಬದುಕಿದ್ದಕ್ಕೆ ನಡೆಯಲಿಲ್ಲ ಎಂಬುದು ಮೊದಲಿಗೆ ವಿಚಿತ್ರವಾಗಿ ಕಾಣುತ್ತದೆ. ಆದರೆ ಮರಣಕಾಲಿಕ ಹೇಳಿಕೆಗೆ ಕಾನೂನು ಕೊಟ್ಟಿರುವ ರಿಯಾಯಿತಿ ಅನಿವಾರ್ಯದ್ದು. ಸತ್ತವರನ್ನು ಕಟಕಟೆಗೆ ಕರೆಯಲಾಗುವುದಿಲ್ಲ. ಭಾರತದಲ್ಲಿ ಈ ರಿಯಾಯಿತಿ ಇಂಗ್ಲೆಂಡಿನದಕ್ಕಿಂತ ಉದಾರವೂ ಹೌದು. ಹೇಳುವವರಿಗೆ ಸಾವು ಹತ್ತಿರವಿದೆಯೆಂಬ ಅರಿವೂ ಬೇಕಿಲ್ಲ. 1937ರ ಮಾರ್ಚಿನಲ್ಲಿ ಪುರಿಗೆ ಬಂದ ರೈಲಿನ ಟ್ರಂಕೊಂದರಲ್ಲಿ ತುಂಡಾದ ಶವ ಸಿಕ್ಕಿತ್ತು. ಸತ್ತವನು ಕೆಲವೇ ದಿನಗಳ ಹಿಂದೆ, ತನಗೆ ಬರಬೇಕಾದ ಹಣಕ್ಕಾಗಿ ಬರ್ಹಾಂಪುರದ ಇಂಥ ಮನೆಗೆ ಹೋಗಿಬರುತ್ತೇನೆ ಎಂದು ಹೆಂಡತಿಗೆ ಹೇಳಿ ಹೊರಟಿದ್ದ. ಸಾವಿಗೆ ಕೊಂಡೊಯ್ದ ಸಂದರ್ಭವನ್ನು ಆ ಮಾತು ತೋರಿಸುತ್ತದೆ, ಹೆಂಡತಿ ಅದನ್ನು ಕೋರ್ಟಿನಲ್ಲಿ ಹೇಳಬಹುದು ಎಂದು 1939ರಲ್ಲಿ ಪಾಕಲ ನಾರಾಯಣಸ್ವಾಮಿ ಪ್ರಕರಣದಲ್ಲಿ ಲಾರ್ಡ್ ಆಟ್ಕಿನ್ ಬರೆದರು. ಹಳೆಯ ಕಾಯ್ದೆಯ ಕಲಂ 32ರ ಈ ಅಂಶ ಈಗ ಹೊಸ ಅಧಿನಿಯಮದ ಕಲಂ 26ರಲ್ಲಿದೆ.

ಬದುಕಿದ್ದವರ ವಿಷಯ ಬೇರೆ. ಅವರು ತಾವೇ ಬಂದು ಪ್ರಮಾಣ ಮಾಡಿ ಹೇಳಬಹುದು, ಪಾಟೀಸವಾಲು ಎದುರಿಸಬಹುದು. ಬಸ್ಸಿನ ಪ್ರಕರಣದಲ್ಲಿ ಬದುಕುಳಿದ ಪ್ರಯಾಣಿಕರು ಕೋರ್ಟಿಗೆ ಬಂದು ಸಾಕ್ಷ್ಯ ಹೇಳಿದರು. ಮ್ಯಾಜಿಸ್ಟ್ರೇಟರು ಬರೆದ ಹೇಳಿಕೆಗಳು ಪೂರ್ತಿ ವ್ಯರ್ಥವೂ ಆಗಲಿಲ್ಲ. ಕಲಂ 157ರ ಪ್ರಕಾರ, ಸಾಕ್ಷಿ ಈಗ ಹೇಳುತ್ತಿರುವುದು ಆಗ ಹೇಳಿದ್ದಕ್ಕೆ ತಾಳೆಯಾಗುತ್ತದೆ ಎಂದು ತೋರಿಸಲು ಅವನ್ನು ಬಳಸಬಹುದು. ಹೊಸ ಅಧಿನಿಯಮದಲ್ಲಿ ಇದು ಕಲಂ 160. ಶಿಕ್ಷೆ ಉಳಿಯಿತು. ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮರಣದಂಡನೆಯನ್ನು ಮುಂದೆ ರಾಷ್ಟ್ರಪತಿಯವರು ಜೀವಾವಧಿಗೆ ಇಳಿಸಿದರು.

ಒಂದೇ ವ್ಯವಹಾರದ ಮಾತು ಎಂದು ವಾದಿಸಲು ಹೊರಟ ಪ್ರಕರಣ ಎಲ್ಲಿ ಕುಸಿಯುತ್ತದೆ ಎಂಬುದು ಈ ತೀರ್ಪುಗಳನ್ನು ಒಟ್ಟಿಗೆ ಓದಿದಾಗ ಕಾಣುತ್ತದೆ. ಗಾಯಾಳು ತಾನಾಗಿ ಕೂಗಿದ್ದಕ್ಕೂ, ಬಂದವರು ಯಾರು, ಏಕೆ, ಹೇಗೆ ಎಂದು ಒಂದೊಂದಾಗಿ ಕೇಳಿ ಹೊರಡಿಸಿದ್ದಕ್ಕೂ ವ್ಯತ್ಯಾಸವಿದೆ. ಮೊದಲಿಂದ ಕೊನೆಯವರೆಗೆ ಕ್ರಮವಾಗಿ ಜೋಡಿಸಿದ ಕತೆ ಬಂದರೆ ವಕೀಲರು ಕಿವಿ ನಿಮಿರಿಸುತ್ತಾರೆ. ಗಾಬರಿಯಲ್ಲಿ ಬಂದ ಮಾತು ಸಾಮಾನ್ಯವಾಗಿ ಒಂದೆರಡು ತುಂಡು ತುಂಡು ವಾಕ್ಯ. ನಡುವೆ ನೆಂಟರು, ಪಕ್ಷದವರು, ಊರ ಪ್ರಮುಖರು ಬಂದು ಮಾತಾಡಿಸಿ ಹೋಗಿದ್ದರೆ ಕೆಲಸ ಕೆಟ್ಟಿತು ಎಂದೇ ಲೆಕ್ಕ. ಕೇಳಿಸಿಕೊಂಡವನು ಪೊಲೀಸನಾಗಿದ್ದು ಅಷ್ಟರಲ್ಲಿ ತನಿಖೆ ಶುರುವಾಗಿದ್ದರೆ ಇನ್ನೊಂದು ಅಡ್ಡಿ: ತನಿಖೆಯ ಸಮಯದಲ್ಲಿ ಪೊಲೀಸರಿಗೆ ಕೊಟ್ಟ ಹೇಳಿಕೆಯನ್ನು ಪ್ರಾಸಿಕ್ಯೂಷನ್ ತನ್ನ ಪರವಾಗಿ ಸಾಕ್ಷ್ಯವೆಂದು ಬಳಸುವಂತಿಲ್ಲ. ಮರಣಕಾಲಿಕ ಹೇಳಿಕೆಗೆ ಮಾತ್ರ ಇದರಿಂದ ವಿನಾಯಿತಿ.

ಎಲ್ಲಕ್ಕಿಂತ ಸಾಮಾನ್ಯವಾದ ಎಡವಟ್ಟು ಮತ್ತೊಂದು. ಮಾತು ಆಡಿದವರು ಬರಲಾಗದಿದ್ದರೂ ಸರಿ, ಕೇಳಿದವರಾದರೂ ಬರಲೇಬೇಕಲ್ಲ. 2011ರಲ್ಲಿ ಹರಿಯಾಣದ ಅತ್ಯಾಚಾರ ಪ್ರಕರಣವೊಂದರಲ್ಲಿ ಸಂತ್ರಸ್ತೆ ಮನೆಗೆ ಬಂದವಳೇ ತಾಯಿಗೂ ಅಕ್ಕ–ತಂಗಿಯರಲ್ಲಿ ಒಬ್ಬಳಿಗೂ ನಡೆದದ್ದನ್ನು ಹೇಳಿದ್ದಾಗಿ ತಿಳಿಸಿದ್ದಳು. ಪ್ರಾಸಿಕ್ಯೂಷನ್ ಇಬ್ಬರನ್ನೂ ಸಾಕ್ಷಿಗಳಾಗಿ ವಿಚಾರಣೆಗೆ ಒಳಪಡಿಸಲಿಲ್ಲ, ಯಾಕೆಂದೂ ಹೇಳಲಿಲ್ಲ. ಕಲಂ 6ರ ಬಲ ಸಿಗಬಹುದಾಗಿದ್ದ ಸಾಕ್ಷ್ಯವನ್ನು ತರಲಿಲ್ಲವೆಂದು ಸುಪ್ರೀಂ ಕೋರ್ಟ್ ಎತ್ತಿ ತೋರಿಸಿತು. ಇನ್ನಿತರ ಲೋಪಗಳೂ ಸೇರಿ ಆರೋಪಿ ಬಿಡುಗಡೆಯಾದ.

ಇಚುಕಾದ ಎಕ್ಸ್‌ಚೇಂಜಿನ ಹುಡುಗಿಯ ಜಾಗದಲ್ಲಿ ಇವತ್ತು 112ರ ನಿಯಂತ್ರಣ ಕೊಠಡಿ ಇದೆ, ಮೊಬೈಲಿನ ವಾಯ್ಸ್ ಮೆಸೇಜ್ ಇದೆ. ಹಲ್ಲೆ ನಡೆಯುತ್ತಿರುವಾಗಲೇ ಆಡಿದ ಮಾತು ರೆಕಾರ್ಡ್ ಆಗಿದ್ದರೆ ಅದು ಕಲಂ 4ರೊಳಗೆ ಬರಬಹುದು. ಆದರೆ ಆ ದನಿ ಯಾರದೆಂದು ಗುರುತಿಸುವವರು ಬೇಕು, ಕರೆಯ ಹೊತ್ತು ಸಾಬೀತಾಗಬೇಕು, ರೆಕಾರ್ಡಿಂಗ್‌ನ ಪ್ರತಿಯ ಜೊತೆ ಹೊಸ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಹಾಜರಾಗಬೇಕು. ಇನ್ನೊಬ್ಬರು ಫಾರ್ವರ್ಡ್ ಮಾಡಿದ ತುಣುಕನ್ನು ಹಿಡಿದುಕೊಂಡು ಹೋದರೆ ಇವುಗಳಲ್ಲಿ ಯಾವುದನ್ನೂ ತೋರಿಸುವುದು ಕಷ್ಟ.

ಅಪಘಾತದ ಸ್ಥಳಕ್ಕೋ ಹೊಡೆದಾಟದ ಜಾಗಕ್ಕೋ ಮೊದಲು ಓಡಿಹೋದವರು ನೀವಾಗಿದ್ದರೆ, ಗಾಯಾಳು ಹೇಳಿದ್ದನ್ನು ನಿಮ್ಮ ಮಾತಿಗೆ ತಿರುಗಿಸದೆ, ಅವರು ಆಡಿದ ಹಾಗೆಯೇ ಅವತ್ತೇ ಬರೆದಿಟ್ಟುಕೊಳ್ಳಿ. ಪಕ್ಕದಲ್ಲಿ ಹೊತ್ತನ್ನೂ ಬರೆಯಿರಿ, ನೀವು ಕೇಳಿದ ಪ್ರಶ್ನೆಗೆ ಬಂದ ಉತ್ತರವೋ ತಾನಾಗಿ ಬಂದ ಮಾತೋ ಎಂಬುದನ್ನೂ ಬರೆಯಿರಿ. ಸಮನ್ಸ್ ಬಂದಾಗ ಆರೋಪಿ ಪರ ವಕೀಲರು ನಿಮ್ಮನ್ನು ಮೊದಲು ಕೇಳುವುದು ಈ ಎರಡನ್ನೇ.